ಎರೆ ಸೀಮೆಯ ಹಳ್ಳಕ್ಕೆ ಎಷ್ಟು ಅಗಲದ ಮೋರಿ? ರ‍್ಯಾಷನಲ್ ಸೂತ್ರದ ಲೆಕ್ಕ, ಹೊಲದಿಂದ ಹಾಳೆಯವರೆಗೆ

ನಾನು ಲೆಕ್ಕ ಹಾಕಿ ಕಟ್ಟಿಸಿದ ಮೊದಲ ಮೋರಿಗೆ ಏನೂ ಆಗಲಿಲ್ಲ. ಎರಡನೇ ವರ್ಷದ ಹಸ್ತಾ ಮಳೆಗೆ ಕೊಚ್ಚಿಹೋದದ್ದು ಅದರ ಎಡಬಲದ ರಸ್ತೆ. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ 900 ಮಿಲಿಮೀಟರಿನ ಎರಡು ಹ್ಯೂಮ್ ಪೈಪುಗಳು ಹೆಡ್‌ವಾಲ್ ಸಮೇತ ಹಳ್ಳದ ನಡುವೆ ದ್ವೀಪದ ಹಾಗೆ ಕುಳಿತಿದ್ದವು. ನೀರು ಅವುಗಳ ಎರಡೂ ಬದಿಗೆ ತನಗೆ ಬೇಕಾದಷ್ಟು ದಾರಿ ತೆಗೆದುಕೊಂಡಿತ್ತು.

ಕಚೇರಿಗೆ ಬಂದು ಲೆಕ್ಕದ ಹಾಳೆ ತೆಗೆದೆ. ಕೂಡಿದ್ದು, ಗುಣಿಸಿದ್ದು ಎಲ್ಲ ಸರಿಯಾಗಿತ್ತು. ನೀರು ಕೂಡುವ ಸಮಯವನ್ನು ದಶಮಾಂಶದ ಮೂರನೆಯ ಸ್ಥಾನದವರೆಗೆ ಬರೆದಿದ್ದೆ. ತಪ್ಪಿದ್ದು ಬೇರೆ ಕಡೆ: ಹೊಲದ ಮಣ್ಣು ಯಾವ ತಿಂಗಳಲ್ಲಿ ಹೇಗಿರುತ್ತದೆ ಎಂದು ಕೇಳಿರಲಿಲ್ಲ, ನೀರು ಎಲ್ಲಿಂದ ಬರುತ್ತದೆ ಎಂದು ನಡೆದು ನೋಡಿರಲಿಲ್ಲ. ಈ ಬರಹದಲ್ಲಿ ಇಡೀ ಲೆಕ್ಕವನ್ನು ಹಂತಹಂತವಾಗಿ ಮಾಡುತ್ತೇನೆ. ಆದರೆ ಹೆಚ್ಚು ಹೊತ್ತು ನಿಲ್ಲುವುದು ಆ ಎರಡು ಜಾಗಗಳಲ್ಲಿ. ಉದಾಹರಣೆಗೆ ಹಿಡಿದಿರುವುದು ಗದಗ ಸೀಮೆಯ ಎರೆ, ಅಂದರೆ ಕಪ್ಪು ಮಣ್ಣಿನ, ಹೊಲಗಳ ನಡುವೆ ಹಳ್ಳ ದಾಟುವ ಒಂದು ಗ್ರಾಮೀಣ ರಸ್ತೆಯನ್ನು. ಅಂಕಿಗಳನ್ನು ಲೆಕ್ಕ ಹಿಡಿತಕ್ಕೆ ಸಿಗುವಂತೆ ಸರಳಗೊಳಿಸಿದ್ದೇನೆ.

ಸೂತ್ರ

ಮಳೆ ಒಂದೇ ರಭಸದಲ್ಲಿ ಸಾಕಷ್ಟು ಹೊತ್ತು ಸುರಿದರೆ, ಜಲಾನಯನದ ತುತ್ತತುದಿಯಲ್ಲಿ ಬಿದ್ದ ಹನಿಯೂ ಮೋರಿಯ ಬಾಯಿಗೆ ಬಂದು ಸೇರುವ ಒಂದು ಗಳಿಗೆ ಇರುತ್ತದೆ. ಆ ಗಳಿಗೆಯಲ್ಲಿ ಇಡೀ ಪ್ರದೇಶದ ನೀರು ಒಟ್ಟಿಗೆ ಹರಿಯುತ್ತಿರುತ್ತದೆ. ಅದೇ ಗರಿಷ್ಠ ಹರಿವು. ರ‍್ಯಾಷನಲ್ ಸೂತ್ರ ಹೇಳುವುದು ಇಷ್ಟನ್ನೇ:

```
Q = C × I × A / 360
```

Q ಎಂದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಬರುತ್ತದೆ ಎಂಬುದು. I ಎಂದರೆ ಮಳೆಯ ತೀವ್ರತೆ, ಗಂಟೆಗೆ ಮಿಲಿಮೀಟರಿನಲ್ಲಿ. A ಎಂದರೆ ವಿಸ್ತೀರ್ಣ, ಹೆಕ್ಟೇರಿನಲ್ಲಿ. C ಎಂದರೆ ಬಿದ್ದ ಮಳೆಯಲ್ಲಿ ಗರಿಷ್ಠ ಹರಿವಿಗೆ ಸೇರುವ ಪಾಲು. ಸಣ್ಣ ಸೇತುವೆ, ಮೋರಿಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕೊಟ್ಟಿರುವ ಮಾರ್ಗಸೂಚಿ ಎಸ್‌ಪಿ 13ರಲ್ಲಿ ಇದೇ ಸೂತ್ರ ಮಳೆಯನ್ನು ಸೆಂಟಿಮೀಟರಿನಲ್ಲಿ ಹಿಡಿದು 0.028 ಎಂಬ ಗುಣಕದೊಂದಿಗೆ ಬರುತ್ತದೆ. ಒಂದರ ಮಿಲಿಮೀಟರನ್ನು ಇನ್ನೊಂದರ ಸೂತ್ರಕ್ಕೆ ಹಾಕಿದರೆ ಉತ್ತರ ಹತ್ತು ಪಟ್ಟು ತಪ್ಪುತ್ತದೆ. ನಗಬೇಡಿ, ಮಂಜೂರಾಗಿ ಬಂದ ಅಂದಾಜುಪಟ್ಟಿಯಲ್ಲೇ ಇದನ್ನು ನೋಡಿದ್ದೇನೆ.

ಈ ಸೂತ್ರ ಸಣ್ಣ ಪ್ರದೇಶಕ್ಕೆ ಮಾತ್ರ. ಇಡೀ ಜಲಾನಯನದ ಮೇಲೆ ಮಳೆ ಒಂದೇ ಸಮನೆ, ಒಂದೇ ಹೊತ್ತಿನಲ್ಲಿ ಬೀಳುತ್ತದೆ ಎಂದು ಅದು ನಂಬಿಕೊಂಡಿದೆ. ನೂರು ಹೆಕ್ಟೇರಿನ ಆಸುಪಾಸಿನಲ್ಲಿ ಆ ನಂಬಿಕೆ ನಡೆಯುತ್ತದೆ. ಇನ್ನೂರು ಮುನ್ನೂರು ಹೆಕ್ಟೇರಿಗೆ ಹೋದರೆ ನಾನು ಬೇರೆ ವಿಧಾನದಿಂದಲೂ ತಾಳೆ ನೋಡುತ್ತೇನೆ. ನವಲಗುಂದದ ಕಡೆ ಬೆಣ್ಣೆಹಳ್ಳಕ್ಕೋ ತುಪ್ಪರಿಹಳ್ಳಕ್ಕೋ ಇದನ್ನು ಹಚ್ಚುವುದು ಸೇರಿನಿಂದ ಕೆರೆಯ ನೀರು ಅಳೆದ ಹಾಗೆ. ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಕೆರೆ ನಡುವೆ ಇದ್ದರೂ ಈ ಸೂತ್ರ ಕೈ ಕೊಡುತ್ತದೆ. ಅದು ಹೇಳುವುದು ಗರಿಷ್ಠ ಹರಿವನ್ನು ಮಾತ್ರ, ಒಟ್ಟು ಎಷ್ಟು ನೀರು ಬಂತು ಎಂಬುದನ್ನಲ್ಲ.

ವಿಸ್ತೀರ್ಣ: ನಕ್ಷೆ ನೋಡಿ, ಆಮೇಲೆ ನಡೆಯಿರಿ

ಮೊದಲು ನಕ್ಷೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಮೋರಿಯ ಜಾಗ ಗುರುತಿಸಿ, ಅಲ್ಲಿಂದ ಎರಡೂ ಕಡೆಗೆ ಏರಿನ ಮೇಲೆ ಗೆರೆ ಎಳೆಯುತ್ತ ಹೋಗಿ ತಲೆಯಲ್ಲಿ ಕೂಡಿಸಬೇಕು. ಈ ಗೆರೆ ಸಮೋನ್ನತ ರೇಖೆಗಳನ್ನು ಲಂಬವಾಗಿ ದಾಟಬೇಕು. ಕಪ್ಪತಗುಡ್ಡದ ಬುಡದಲ್ಲಾದರೆ ಈ ಕೆಲಸ ಸಲೀಸು, ಏಣು ಕಣ್ಣಿಗೇ ಕಾಣುತ್ತದೆ. ಎರೆ ಸೀಮೆಯಲ್ಲಿ ಹಾಗಲ್ಲ. ಎರಡು ಸಮೋನ್ನತ ರೇಖೆಗಳ ನಡುವಿನ 20 ಮೀಟರ್ ಅಂತರದೊಳಗೇ ನಮ್ಮ ಇಡೀ ಜಲಾನಯನ ಅಡಗಿಬಿಡುತ್ತದೆ. ನಕ್ಷೆ ನೋಡಿದರೆ ಹಾಸಿದ ಕಂಬಳಿ, ಅಷ್ಟೇ.

ನಮ್ಮ ಉದಾಹರಣೆಯಲ್ಲಿ ನಕ್ಷೆಯಿಂದ ಬಂದದ್ದು 52 ಹೆಕ್ಟೇರ್. ಅದನ್ನು ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರುಗಳ ಎಕರೆ-ಗುಂಟೆ ಕೂಡಿಸಿ ತಾಳೆ ನೋಡಿದರೆ ಹೆಚ್ಚುಕಡಿಮೆ ಹೊಂದುತ್ತದೆ. ಇಲ್ಲಿಗೆ ನಿಲ್ಲಿಸುವುದೇ ಮೊದಲ ತಪ್ಪು.

ಇಂಥ ಒಂದು ಜಾಗದಲ್ಲಿ ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ಹೊಲದ ಯಜಮಾನರೊಬ್ಬರ ಜೊತೆ ನಡೆದಿದ್ದೆ. "ಕಾಕಾ, ಈ ಏರಿನ ಆಚೆಯ ನೀರು ಆಚೆಯ ಹಳ್ಳಕ್ಕೇ ಹೋಗುತ್ತದಲ್ಲವೇ?" ಎಂದು ಕೇಳಿದೆ. "ಹೋಗುತ್ತಿತ್ತು ಸಾಹೇಬರೇ, ನಮ್ಮ ಅಪ್ಪನ ಕಾಲದಲ್ಲಿ" ಎಂದರು. ಆಮೇಲೆ ಬಂಡಿದಾರಿ ತೋರಿಸಿದರು. ವರ್ಷಗಟ್ಟಲೆ ಚಕ್ಕಡಿ ಓಡಿ, ಆಮೇಲೆ ಟ್ರ್ಯಾಕ್ಟರ್ ಓಡಿ, ಆ ದಾರಿ ಎರಡೂ ಬದಿಯ ಹೊಲಕ್ಕಿಂತ ಮೊಣಕಾಲುದ್ದ ಕೆಳಗೆ ಇಳಿದಿತ್ತು. ಏರನ್ನು ಕತ್ತರಿಸಿಕೊಂಡು ಆಚೆಯ ಹೊಲಗಳಿಂದ ಸೀದಾ ನಮ್ಮ ಹಳ್ಳಕ್ಕೆ ಬರುತ್ತಿತ್ತು. ಅದು ದಾರಿಯೂ ಹೌದು, ಮಳೆ ಬಂದರೆ ಕಾಲುವೆಯೂ ಹೌದು. ಅದರ ತಳದ ರಾಡಿಯಲ್ಲಿ ಆಗಲೇ ನೀರು ನಮ್ಮ ಕಡೆಗೆ ಮೆಲ್ಲಗೆ ಸರಿಯುತ್ತಿತ್ತು.

ಉದಾಹರಣೆಗೆ ಹೀಗೆ ಆಚೆಯಿಂದ ಬರುವ 12 ಹೆಕ್ಟೇರ್ ಎರೆ ಹೊಲವನ್ನು ಸೇರಿಸಿದರೆ ಒಟ್ಟು 64 ಹೆಕ್ಟೇರ್ ಆಯಿತು, ಸುಮಾರು 158 ಎಕರೆ. ನಡೆಯುವಾಗ ಮೂರು ವಿಷಯ ಹುಡುಕಿ: ತಗ್ಗಿಗೆ ಇಳಿದ ಬಂಡಿದಾರಿ, ಪಕ್ಕದ ರಸ್ತೆಯ ಚರಂಡಿ ಎಲ್ಲಿ ಬಂದು ಬಿಡುತ್ತದೆ ಎಂಬುದು, ಮತ್ತು ದಿಕ್ಕು ಬದಲಿಸಿದ ಒಡ್ಡುಗಳು. ಒಡ್ಡುಗಳು ನೀರು ತಡೆಯುತ್ತವೆ ಎಂದು ವಿಸ್ತೀರ್ಣ ಕಡಿಮೆ ಮಾಡುವವರಿದ್ದಾರೆ, ನಾನು ಮಾಡುವುದಿಲ್ಲ. ನಾವು ಲೆಕ್ಕ ಹಾಕುತ್ತಿರುವಂಥ ಮಳೆಗೆ ಮೊದಲು ಒಡೆಯುವುದೇ ಒಡ್ಡು, ಒಡೆದಾಗ ತಡೆದಿಟ್ಟ ನೀರನ್ನೂ ಸೇರಿಸಿ ಕಳಿಸುತ್ತದೆ.

ನಡೆದು ಮುಗಿಸುವ ಮೊದಲು ಹಳ್ಳದ ದಂಡೆಯ ಬಳ್ಳಾರಿ ಜಾಲಿ ಗಿಡಗಳನ್ನೂ ನೋಡಿ. ಪ್ರವಾಹ ಇಳಿದ ಮೇಲೆ ಜೋಳದ ಸೆದೆ, ಹತ್ತಿ ಕಟ್ಟಿಗೆಯ ತುಂಡು ಕೊಂಬೆಗಳಿಗೆ ಸಿಕ್ಕಿಕೊಂಡು ಒಂದೇ ಮಟ್ಟದಲ್ಲಿ ಗೆರೆ ಎಳೆದಂತೆ ನಿಂತಿರುತ್ತದೆ. ಆ ಎತ್ತರವನ್ನು ಬರೆದಿಟ್ಟುಕೊಳ್ಳಿ.

ನೀರು ಕೂಡುವ ಸಮಯ: ಇಲ್ಲಿ ಬೆವರು ಸುರಿಸಬೇಡಿ

ತುತ್ತತುದಿಯ ಹನಿ ಮೋರಿಗೆ ಬಂದು ಸೇರಲು ಹಿಡಿಯುವ ಸಮಯವೇ tc. ಅದಕ್ಕೆ ಎಸ್‌ಪಿ 13 ಕೊಡುವ ಸೂತ್ರ ಇದು:

```
tc = (0.87 × L³ / H)^0.385
```

L ಎಂದರೆ ಅತಿ ದೂರದ ಬಿಂದುವಿನಿಂದ ಮೋರಿಯವರೆಗೆ ನೀರು ಹರಿಯುವ ದಾರಿಯ ಉದ್ದ, ಕಿಲೋಮೀಟರಿನಲ್ಲಿ. H ಎಂದರೆ ಅದೇ ಎರಡು ಬಿಂದುಗಳ ನಡುವಿನ ಎತ್ತರದ ವ್ಯತ್ಯಾಸ, ಮೀಟರಿನಲ್ಲಿ. ಉತ್ತರ ಗಂಟೆಯಲ್ಲಿ ಬರುತ್ತದೆ. ಹಕ್ಕಿ ಹಾರುವ ದೂರವನ್ನು ಹಿಡಿಯಬಾರದು, ಹಳ್ಳದ ಅಂಕುಡೊಂಕನ್ನು ಅನುಸರಿಸಬೇಕು. ಎತ್ತರವನ್ನು ರಸ್ತೆಯ ಮೇಲಿನಿಂದಲ್ಲ, ಹಳ್ಳದ ತಳದಿಂದ ಅಳೆಯಬೇಕು.

ನಮ್ಮಲ್ಲಿ L 1.4 ಕಿಲೋಮೀಟರ್, H 18 ಮೀಟರ್. 1.4ರ ಘನ 2.744. ಅದನ್ನು 0.87ರಿಂದ ಗುಣಿಸಿ 18ರಿಂದ ಭಾಗಿಸಿದರೆ 0.1326. ಅದರ 0.385ನೇ ಘಾತ 0.46 ಗಂಟೆ, ಅಂದರೆ ಸುಮಾರು 28 ನಿಮಿಷ.

ಈಗ ಒಂದು ಪರೀಕ್ಷೆ. ಲೆವೆಲ್ ಯಂತ್ರ ಇಡದೆ ಮೊಬೈಲಿನ ಎತ್ತರ ನಂಬಿ H ಅನ್ನು 18ರ ಬದಲು 13 ಎಂದು ಬರೆದಿದ್ದೀರಿ ಎನ್ನೋಣ. ಸಮಯ 28 ನಿಮಿಷದಿಂದ 31ಕ್ಕೆ ಹೋಗುತ್ತದೆ. ಕೊನೆಯ ಹರಿವಿನಲ್ಲಿ ಆಗುವ ವ್ಯತ್ಯಾಸ ಶೇ 4ರಷ್ಟು. ಉದ್ದದಲ್ಲಿ ಶೇ 20ರಷ್ಟು ತಪ್ಪಿದರೂ ಹರಿವಿನಲ್ಲಿ ಶೇ 7 ಮಾತ್ರ. ಅದೇ ವಿಸ್ತೀರ್ಣದಲ್ಲಿ ಶೇ 20 ತಪ್ಪಿದರೆ ಹರಿವಿನಲ್ಲಿ ಪೂರಾ ಶೇ 20. ನಾನು ಮೂರು ದಶಮಾಂಶ ಬರೆದುಕೊಂಡು ಕುಳಿತದ್ದು ಎಷ್ಟು ವ್ಯರ್ಥ ಎಂದು ಈಗ ಗೊತ್ತಾಗಿರಬೇಕು.

ಒಂದು ಕಡೆ ಮಾತ್ರ ಎಚ್ಚರ ಬೇಕು. ಊರಿನ ಕಾಂಕ್ರೀಟ್ ರಸ್ತೆ, ಚಾವಣಿಗಳ ನೀರು ಮೋರಿಗೆ ಹತ್ತಿರವಿದ್ದರೆ ಅದು ಹತ್ತೇ ನಿಮಿಷದಲ್ಲಿ ಬಂದು ಸೇರುತ್ತದೆ. ಆ ಭಾಗವನ್ನಷ್ಟೇ ಅದರ ಸ್ವಂತ ಸಮಯ ಮತ್ತು ತೀವ್ರತೆಯಲ್ಲಿ ಬೇರೆಯಾಗಿ ಲೆಕ್ಕ ಹಾಕಿ ನೋಡಿ. ಊರೇ ದೊಡ್ಡದಿದ್ದರೆ ಆ ಉತ್ತರ ಇಡೀ ಪ್ರದೇಶದ ಉತ್ತರವನ್ನು ಮೀರಬಹುದು. ನಮ್ಮ ಉದಾಹರಣೆಯಲ್ಲಿ ಊರಿನ ಪಾಲು 6 ಹೆಕ್ಟೇರ್ ಮಾತ್ರ, ಹರಿವು ಎರಡು ಘನ ಮೀಟರನ್ನೂ ಮುಟ್ಟುವುದಿಲ್ಲ.

ಮಳೆ: ದಿನದ ಓದಿನಿಂದ ಅರ್ಧ ಗಂಟೆಗೆ

ನಮಗೆ ಬೇಕಾದದ್ದು 28 ನಿಮಿಷದ ತೀವ್ರತೆ. ತಾಲ್ಲೂಕಿನ ಮಳೆಮಾಪಕದಲ್ಲಿ ಸಿಗುವುದು ಬೆಳಿಗ್ಗೆ 8.30ಕ್ಕೆ ಓದಿದ ದಿನದ ಮಳೆ. ಒಂದರಿಂದ ಇನ್ನೊಂದಕ್ಕೆ ದಾಟುವ ಬಗೆ ಹೀಗೆ.

ಕನಿಷ್ಠ 25 ವರ್ಷಗಳ ದಾಖಲೆ ತೆಗೆದುಕೊಂಡು ಪ್ರತಿ ವರ್ಷದ ಅತಿ ಹೆಚ್ಚು ದಿನಮಳೆಯನ್ನು ಮಾತ್ರ ಆರಿಸಿ ಬರೆಯಿರಿ. ಅದರ ಸರಾಸರಿ ಮತ್ತು ಪ್ರಮಾಣ ವಿಚಲನೆ ತೆಗೆಯಿರಿ. ಗ್ರಾಮೀಣ ರಸ್ತೆಯ ಮೋರಿಗೆ ಸಾಮಾನ್ಯವಾಗಿ 25 ವರ್ಷಕ್ಕೊಮ್ಮೆ ಬರುವ ಮಳೆಯನ್ನು ಹಿಡಿಯುತ್ತೇವೆ. ಅಪರೂಪದ ದೊಡ್ಡ ಮಳೆಯನ್ನು ಅಂದಾಜಿಸುವ ಗುಂಬೆಲ್ ವಿಧಾನದಲ್ಲಿ ಅದು ಸರಾಸರಿಗೆ 2.04 ಪಟ್ಟು ಪ್ರಮಾಣ ವಿಚಲನೆ ಕೂಡಿಸಿದಷ್ಟು. ಉದಾಹರಣೆಗೆ ಸರಾಸರಿ 72 ಮಿಲಿಮೀಟರ್, ವಿಚಲನೆ 24 ಎಂದು ಹಿಡಿದರೆ 121 ಮಿಲಿಮೀಟರ್ ಬರುತ್ತದೆ. "25 ವರ್ಷಕ್ಕೊಮ್ಮೆ" ಎಂಬ ಮಾತು ಕೇಳಿ ಪಂಚಾಯಿತಿಯವರು ನೆಮ್ಮದಿಯಿಂದ ತಲೆದೂಗುತ್ತಾರೆ. ಅದರ ನಿಜವಾದ ಅರ್ಥ, ಯಾವ ವರ್ಷವಾದರೂ ಶೇ 4ರಷ್ಟು ಸಾಧ್ಯತೆ ಇದೆ ಎಂದು. 25 ವರ್ಷ ಬಾಳುವ ಮೋರಿಗೆ ಒಮ್ಮೆಯಾದರೂ ಅಂಥ ಮಳೆ ಎದುರಾಗುವ ಸಾಧ್ಯತೆ ಶೇ 64.

ಇನ್ನೊಂದು ತಿದ್ದುಪಡಿ ಇದೆ. ಸಂಜೆಯ ಗುಡುಗು ಮಳೆ ಒಂದೇ ದಿನದ ಓದಿನಲ್ಲಿ ಬೀಳುತ್ತದೆ. ಆದರೆ ವಾಯುಭಾರ ಕುಸಿತದ ಮಳೆ ರಾತ್ರಿಯಿಡೀ ಸುರಿದು ಬೆಳಗಿನ 8.30ರ ಆಚೆಗೂ ಮುಂದುವರಿದರೆ ಎರಡು ದಿನಗಳ ಲೆಕ್ಕಕ್ಕೆ ಹಂಚಿಹೋಗುತ್ತದೆ. ಹಾಗಾಗಿ ದಿನದ ಓದನ್ನು ನಿಜವಾದ 24 ಗಂಟೆಯ ಮಳೆಯಾಗಿಸಲು 1.15ರಿಂದ ಗುಣಿಸುವ ರೂಢಿ ಇದೆ. 121 ಮಿಲಿಮೀಟರ್ 139 ಆಗುತ್ತದೆ. ನಾನು 14 ಸೆಂಟಿಮೀಟರ್ ಎಂದು ಹಿಡಿಯುತ್ತೇನೆ. ದಾಖಲೆ ಸಿಗದಿದ್ದರೆ ಕೇಂದ್ರ ಜಲ ಆಯೋಗದ ಕೃಷ್ಣಾ–ಪೆನ್ನಾರ್ ಉಪವಲಯದ ವರದಿಯಲ್ಲಿರುವ 25 ವರ್ಷದ ಮಳೆ ನಕ್ಷೆಯಿಂದ ಈ ಅಂಕಿಯನ್ನು ಓದಿಕೊಳ್ಳಬಹುದು.

ಇನ್ನು ಸಣ್ಣ ಅವಧಿಗೆ ಇಳಿಸುವ ಸೂತ್ರ. Ic ನಮಗೆ ಬೇಕಾದ ತೀವ್ರತೆ, F ಒಟ್ಟು ಮಳೆ, T ಅದು ಬಿದ್ದ ಗಂಟೆಗಳು:

```
Ic = (F / T) × (T + 1) / (tc + 1)
```

14ನ್ನು 24ರಿಂದ ಭಾಗಿಸಿ, 25ರಿಂದ ಗುಣಿಸಿ, 1.46ರಿಂದ ಭಾಗಿಸಿದರೆ ಗಂಟೆಗೆ 10 ಸೆಂಟಿಮೀಟರ್, ಅಂದರೆ 100 ಮಿಲಿಮೀಟರ್. ಇದನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳುವುದಾದರೆ, 28 ನಿಮಿಷದಲ್ಲಿ 46 ಮಿಲಿಮೀಟರ್. ಹೊಲದಲ್ಲಿ ನಿಂತವನಿಗೆ ಎದುರಿನ ಬೇವಿನ ಮರ ಕಾಣದಂಥ ಮಳೆ.

ಹವಾಮಾನ ಇಲಾಖೆಯ ಮೂರನೇ ಒಂದರ ಘಾತದ ಸೂತ್ರದಲ್ಲಿ ಇದೇ ಲೆಕ್ಕ ಮಾಡಿದರೆ ಗಂಟೆಗೆ 82 ಮಿಲಿಮೀಟರ್ ಬರುತ್ತದೆ. ಎರಡರಲ್ಲಿ ಯಾವುದು ಸರಿ? ಎರಡೂ ಅಂದಾಜೇ. ತೀರ್ಮಾನಿಸಲು ಈಗ ಒಂದು ಅನುಕೂಲ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ, ಅವು 15 ನಿಮಿಷಕ್ಕೊಮ್ಮೆ ಮಳೆ ದಾಖಲಿಸುತ್ತವೆ. ಹತ್ತಿರದ ಎರಡು ಮೂರು ಮಾಪಕಗಳ ದಾಖಲೆಯಲ್ಲಿ ಅಕ್ಕಪಕ್ಕದ ಎರಡು ಓದುಗಳ ಮೊತ್ತ ಎಷ್ಟರವರೆಗೆ ಹೋಗಿದೆ ಎಂದು ನೋಡಿ. ಕೆಲವೇ ವರ್ಷಗಳ ದಾಖಲೆಯಲ್ಲೇ ಅರ್ಧ ಗಂಟೆಗೆ 40 ದಾಟಿದ್ದರೆ ದೊಡ್ಡ ಅಂಕಿಯನ್ನೇ ಹಿಡಿಯಿರಿ. ಇಲ್ಲಿ ನಾನು 100ಕ್ಕೇ ನಿಲ್ಲುತ್ತೇನೆ.

ಮಣ್ಣು: ಒಂದೇ ಹೊಲಕ್ಕೆ ಎರಡು ಗುಣ

ನನ್ನ ಮೊದಲ ಮೋರಿ ಸೋತದ್ದು ಇಲ್ಲಿ. ಎಸ್‌ಪಿ 13ರ ಪಟ್ಟಿಯಲ್ಲಿ "ಬಹುಪಾಲು ಸಾಗುವಳಿಯಾದ ಗೋಡು ಮಣ್ಣು" ಎಂಬುದಕ್ಕೆ 0.30 ಇದೆ. ಸುತ್ತ ನೋಡಿದರೆ ಎಲ್ಲೆಲ್ಲೂ ಸಾಗುವಳಿ. ಕಣ್ಣು ಮುಚ್ಚಿ 0.30 ಬರೆದೆ. ಅದು ಗೋಡು ಮಣ್ಣಿನ ಅಂಕಿ, ಎರೆ ಮಣ್ಣಿನದಲ್ಲ ಎಂಬುದನ್ನು ಪಟ್ಟಿ ಹೇಳುತ್ತಿತ್ತು, ನಾನು ಓದಿರಲಿಲ್ಲ.

ಎರೆಯ ಸ್ವಭಾವವನ್ನು ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ನೋಡಬೇಕು. ಏಪ್ರಿಲ್‌ನಲ್ಲಿ ಹೊಲದ ಬಿರುಕಿನೊಳಗೆ ಕೊಡೆಯನ್ನು ಇಳಿಬಿಟ್ಟರೆ ಹಿಡಿಕೆಯವರೆಗೆ ಹೋಗುತ್ತದೆ. ಆಗ ಅಡ್ಡಮಳೆ ಎಷ್ಟೇ ರಭಸದಿಂದ ಹೊಡೆದರೂ ನೀರು ಬಿರುಕಿಗೆ ಇಳಿದು ಮಾಯವಾಗುತ್ತದೆ, ಹಳ್ಳಕ್ಕೆ ಬರುವುದು ಊರಿನ ಕಸ ತೊಳೆದ ನೀರು ಮಾತ್ರ. ಮುಂಗಾರು ಕಳೆದು ಉತ್ತರಾ ಮಳೆಯ ಹೊತ್ತಿಗೆ ಅದೇ ಜೇಡಿ ನೀರು ಕುಡಿದು ಉಬ್ಬಿ, ಬಿರುಕುಗಳೆಲ್ಲ ಮುಚ್ಚಿಕೊಂಡಿರುತ್ತವೆ. ಆಮೇಲೆ ಅದರೊಳಗೆ ನೀರು ಇಂಗುವುದು ಗಂಟೆಗೆ ಕೆಲವೇ ಮಿಲಿಮೀಟರ್. ಮೇಲಾಗಿ ಹೆಸರು ಕಿತ್ತು, ಹಿಂಗಾರಿ ಜೋಳಕ್ಕೋ ಕಡಲೆಗೋ ಕುಂಟೆ ಹೊಡೆದು ಹದಗೊಳಿಸಿದ ಹೊಲ ಬರಿಮೈಯಲ್ಲಿರುತ್ತದೆ. ಹಸ್ತಾ, ಚಿತ್ತಾ ಮಳೆಗಳು ಬರುವುದು ಸರಿಯಾಗಿ ಆ ಹೊತ್ತಿಗೆ.

ಆದ್ದರಿಂದ ಎರೆಗೆ ಹಿಡಿಯಬೇಕಾದದ್ದು ಅಕ್ಟೋಬರ್‌ನ ಗುಣ. ಪಟ್ಟಿಯಲ್ಲಿ ತೆಳು ಹೊದಿಕೆಯ ಜೇಡಿಗೆ 0.50, ಬರಿಮೈಯ ಗಟ್ಟಿ ಜೇಡಿಗೆ 0.60 ಇದೆ. ನಾನು 0.60 ಹಿಡಿಯುತ್ತೇನೆ. ಇಂಗುವುದು ಅಷ್ಟು ಕಡಿಮೆಯಾದರೆ 0.90 ಏಕಲ್ಲ ಎಂದು ಕೇಳಬಹುದು. ಬಿತ್ತನೆಯ ಸಾಲುಗಳಲ್ಲಿ, ತಗ್ಗುಗಳಲ್ಲಿ, ಒಡ್ಡಿನ ಹಿಂದೆ ನಿಂತ ನೀರು ತಡವಾಗಿ ಬರುತ್ತದೆ, ಗರಿಷ್ಠ ಗಳಿಗೆಗೆ ಅದು ಸೇರುವುದಿಲ್ಲ. C ಎಂಬುದು ಇಂಗಿದ ನೀರಿನ ಜೊತೆಗೆ ಈ ತಡವನ್ನೂ ಒಳಗೊಂಡ ಅಂಕಿ.

ನಮ್ಮ 64 ಹೆಕ್ಟೇರಿನಲ್ಲಿ ಎರೆ 44, ದಿಣ್ಣೆಯ ಮೇಲಿನ ಮಸಾರಿ, ಅಂದರೆ ಕೆಂಪು ಮಣ್ಣು, 14, ಊರು 6. ಎರೆಗೆ 0.60, ಮಸಾರಿಗೆ 0.40, ಮನೆ, ಹಿತ್ತಿಲು, ಕಾಂಕ್ರೀಟ್ ರಸ್ತೆ ಕೂಡಿದ ಊರಿಗೆ 0.80. ಪ್ರತಿ ತುಂಡನ್ನೂ ತನ್ನ ಗುಣಾಂಕದಿಂದ ಗುಣಿಸಿ ಕೂಡಿಸಿದರೆ 26.4, 5.6, 4.8, ಒಟ್ಟು 36.8. ಇದನ್ನು 64ರಿಂದ ಭಾಗಿಸಿದರೆ ಸರಾಸರಿ C 0.575. ಸೂತ್ರಕ್ಕೆ ಬೇಕಾದದ್ದು C ಮತ್ತು A ಗುಣಲಬ್ಧವೇ ಆದ್ದರಿಂದ 36.8ನ್ನು ನೇರವಾಗಿ ಹಾಕಬಹುದು:

```
Q = 36.8 × 100 / 360 = 10.2
```

ಸೆಕೆಂಡಿಗೆ 10.2 ಘನ ಮೀಟರ್. ತಾಳೆ ನೋಡಲು, ವಿಸ್ತೀರ್ಣದಿಂದಲೇ ಗರಿಷ್ಠ ಹರಿವನ್ನು ಅಂದಾಜಿಸುವ ಡಿಕೆನ್ಸ್ ಸೂತ್ರ ಹಚ್ಚಿದೆ. ವರ್ಷಕ್ಕೆ 60ರಿಂದ 120 ಸೆಂಟಿಮೀಟರ್ ಮಳೆಯ ಸೀಮೆಗೆ ಅದರ ಗುಣಾಂಕ 11ರಿಂದ 14, ಅದರಂತೆ 7.9ರಿಂದ 10.0 ಬರುತ್ತದೆ. ಡಿಕೆನ್ಸ್‌ಗೆ ಮಣ್ಣಿನ ಪರಿಚಯವೇ ಇಲ್ಲ, ಹಾಗಾಗಿ ಉತ್ತರ ಅದರ ಮೇಲಿನ ಅಂಚಿನಲ್ಲಿ ನಿಂತದ್ದು ನನಗೆ ಆಶ್ಚರ್ಯವಲ್ಲ.

ಈಗ ಇದೇ ಹಳ್ಳಕ್ಕೆ ನನ್ನ ಹಳೆಯ ಪದ್ಧತಿಯಲ್ಲಿ ಲೆಕ್ಕ ಮಾಡೋಣ. ಬಂಡಿದಾರಿಯ 12 ಹೆಕ್ಟೇರ್ ಬಿಡಿ, ಎರೆಗೆ 0.30 ಬರೆಯಿರಿ, 1.15ರ ತಿದ್ದುಪಡಿ ಮರೆತುಬಿಡಿ. ಹರಿವು 4.8ಕ್ಕೆ ಇಳಿಯುತ್ತದೆ. ಮೂರರಲ್ಲಿ ಯಾವುದನ್ನೂ ಮೇಲಧಿಕಾರಿ ಕೆಂಪು ಶಾಯಿಯಲ್ಲಿ ಸುತ್ತುವುದಿಲ್ಲ, ಆದರೆ ಮೂರೂ ಸೇರಿ ಹಳ್ಳವನ್ನು ಅರ್ಧಕ್ಕಿಂತ ಕಡಿಮೆ ಮಾಡಿಬಿಟ್ಟಿವೆ.

ಮೋರಿಯ ಅಗಲ

ಮೋರಿಯ ಬಾಯಲ್ಲಿ ನೀರು ಎಷ್ಟು ಎತ್ತರ ಏರಬಹುದು ಎಂದು ಮೊದಲು ನಿರ್ಧರಿಸಬೇಕು. ಉದಾಹರಣೆಯಲ್ಲಿ ರಸ್ತೆ ಹಳ್ಳದ ತಳದಿಂದ 2.1 ಮೀಟರ್ ಮೇಲಿದೆ. ಸ್ಲ್ಯಾಬಿನ ದಪ್ಪ ಮತ್ತು ಮೇಲಿನ ಸುರಕ್ಷಿತ ಅಂತರ ಬಿಟ್ಟು 1.5 ಮೀಟರ್ ಮೇಲ್ನೀರು ಎಂದು ಇಟ್ಟುಕೊಂಡೆ. ಇದಕ್ಕಿಂತ ಹೆಚ್ಚು ಬಿಟ್ಟರೆ ರಸ್ತೆ ಉಳಿದರೂ ಮೇಲಿನ ಹೊಲದವರು ಬಿಡುವುದಿಲ್ಲ. ಸಪಾಟು ನೆಲದಲ್ಲಿ ಒಂದು ಗೇಣು ಹೆಚ್ಚು ನೀರು ನಿಂತರೆ ಎಕರೆಗಟ್ಟಲೆ ಹರಡುತ್ತದೆ.

ಬಾಕ್ಸ್ ಅಥವಾ ಸ್ಲ್ಯಾಬ್ ಮೋರಿಯ ಮೇಲ್ಛಾವಣಿಗೆ ನೀರು ತಾಗದೆ ಹರಿಯುವವರೆಗೆ ಅದು ಅಗಲವಾದ ಕಟ್ಟೆಯ ಮೇಲೆ ಹರಿದಂತೆ ವರ್ತಿಸುತ್ತದೆ:

```
Q = 1.5 × B × H^1.5
```

B ಎಂದರೆ ಒಟ್ಟು ತೆರೆದ ಅಗಲ, H ಎಂದರೆ ತಳದಿಂದ ಮೇಲ್ನೀರಿನ ಎತ್ತರ, ಎರಡೂ ಮೀಟರಿನಲ್ಲಿ. ಆದರ್ಶ ಗುಣಕ 1.7, ಬಾಯಲ್ಲಿ ಆಗುವ ನಷ್ಟಕ್ಕೆ 1.5ಕ್ಕೆ ಇಳಿಸಿದ್ದೇನೆ. 1.5ರ 1.5ನೇ ಘಾತ 1.84. ಹಾಗಾಗಿ 10.2 ಹರಿಯಲು ಬೇಕಾದ ಅಗಲ 3.7 ಮೀಟರ್. ತಲಾ 2 ಮೀಟರ್ ಅಗಲ, 1.5 ಮೀಟರ್ ಎತ್ತರದ ಎರಡು ವೆಂಟ್, ಅಂದರೆ ಕಂಡಿ, ಇಟ್ಟರೆ ಅಗಲ 4 ಮೀಟರ್, ಮೇಲ್ನೀರು 1.42 ಮೀಟರಿಗೆ ನಿಲ್ಲುತ್ತದೆ.

ಇಲ್ಲಿ ಕೆಳನೀರನ್ನು ನೋಡದೆ ಪೆನ್ನು ಕೆಳಗಿಡಬೇಡಿ. ಮೋರಿಯ ಕೆಳಗೆ ಹಳ್ಳ ಜಾಲಿಯಿಂದ ಮುಚ್ಚಿದ್ದರೆ ನೀರು ಹಿಂದಕ್ಕೆ ಒತ್ತುತ್ತದೆ. ತಳ 5 ಮೀಟರ್ ಅಗಲ, ದಂಡೆಯ ಇಳಿಜಾರು ಒಂದಕ್ಕೆ ಒಂದೂವರೆ, ಹಳ್ಳದ ಇಳಿಜಾರು 200ಕ್ಕೆ 1, ಹಳ್ಳದ ಒರಟುತನ ಹೇಳುವ ಮ್ಯಾನಿಂಗ್ ಗುಣಾಂಕ 0.045 ಎಂದು ಹಿಡಿದರೆ 10.2 ಹರಿಯುವಾಗ ಕೆಳಗಿನ ಆಳ 1.11 ಮೀಟರ್. ಮೇಲ್ನೀರಿಗೂ ಕೆಳನೀರಿಗೂ 0.31 ಮೀಟರ್ ವ್ಯತ್ಯಾಸ ಉಳಿಯಿತು. ಈ ವ್ಯತ್ಯಾಸ ಕೆಳಗಿನ ಆಳದ ಕಾಲು ಭಾಗಕ್ಕಿಂತ ಹೆಚ್ಚಿದ್ದರೆ ಮೇಲಿನ ಸೂತ್ರ ನಡೆಯುತ್ತದೆ. ಇಲ್ಲಿ ಕಾಲು ಭಾಗ 0.28, ಕೂದಲೆಳೆಯಲ್ಲಿ ಪಾಸು. ಹಾಗಾಗಿ ಕೆಳಗಿನ ಐವತ್ತು ಮೀಟರ್ ಹಳ್ಳದ ಜಾಲಿ ಕಡಿಯುವುದನ್ನೂ ಅಂದಾಜಿನಲ್ಲಿ ಸೇರಿಸುತ್ತೇನೆ.

ಪೈಪೇ ಏಕಾಗಬಾರದು ಎಂಬ ಪ್ರಶ್ನೆ ಗುತ್ತಿಗೆದಾರರಿಂದ ಬಂದೇ ಬರುತ್ತದೆ. 1000 ಮಿಲಿಮೀಟರಿನ ಒಂದು ಹ್ಯೂಮ್ ಪೈಪು 1.5 ಮೀಟರ್ ಮೇಲ್ನೀರಿಗೆ ಹರಿಸುವುದು ಸುಮಾರು 1.8 ಘನ ಮೀಟರ್. 10.2ಕ್ಕೆ ಆರು ಪೈಪು ಸಾಲಾಗಿ ಬೇಕು. ನಡುನಡುವೆ ಐದು ಅಡ್ಡಗೋಡೆಗಳು ನಿಂತಂತಾಯಿತು. ಹತ್ತಿ ಕಟ್ಟಿಗೆಯ ಒಂದು ಹೊರೆ ತೇಲಿ ಬಂದರೆ ಎರಡು ಬಾಯಿ ಮುಚ್ಚಲು ಅಷ್ಟು ಸಾಕು. ಹಳೆಯ ನನ್ನ 900ರ ಎರಡು ಪೈಪುಗಳು ಬಾಯಿ ಸ್ವಚ್ಛವಿದ್ದಾಗಲೂ ಹರಿಸುತ್ತಿದ್ದುದು ಸುಮಾರು 2.8 ಘನ ಮೀಟರ್, ಅಂದರೆ ಇಂಥ ಹಳ್ಳದ ನೀರಿನಲ್ಲಿ ಕಾಲು ಭಾಗಕ್ಕಿಂತ ಚೂರು ಹೆಚ್ಚು.

ಎರಡು ವೆಂಟಿನೊಳಗೆ ನೀರಿನ ವೇಗ ಸೆಕೆಂಡಿಗೆ 2.3ರಿಂದ 2.9 ಮೀಟರ್ ಇರುತ್ತದೆ. ಎರೆ ಮಣ್ಣು ಸುಮಾರು 1 ಮೀಟರ್ ವೇಗಕ್ಕೇ ಕರಗತೊಡಗುತ್ತದೆ. ಆದ್ದರಿಂದ ಕೆಳಗೆ ಕಾಂಕ್ರೀಟ್ ಏಪ್ರನ್, ಅದರ ತುದಿಗೆ ಆಳಕ್ಕಿಳಿದ ಕಟ್-ಆಫ್ ಗೋಡೆ, ಮುಂದೆ ಕಲ್ಲಿನ ಪಿಚಿಂಗ್ ಬೇಕು. ಅಡಿಪಾಯದ ಕೆಳಗಿನ ಎರೆಯನ್ನು ತೆಗೆದು ಗರಸು ತುಂಬಿಸುವುದು ಬೇರೆಯೇ ಅಧ್ಯಾಯ, ಇಲ್ಲಿ ಬೇಡ.

ಕಟ್ಟಿದ ಮೇಲೆ

ಮೋರಿಯ ಮೇಲ್ಭಾಗದ ಗೋಡೆಗೆ, ತಳದಿಂದ ಶುರುಮಾಡಿ, 10 ಸೆಂಟಿಮೀಟರಿಗೊಂದರಂತೆ ಬಿಳಿ ಗೆರೆ ಹಚ್ಚಿಸಿ. ಡಬ್ಬಿ ಪೇಂಟಿನ ಖರ್ಚು. ದೊಡ್ಡ ಮಳೆಯ ಮರುದಿನ ರಾಡಿ ಎಲ್ಲಿಯವರೆಗೆ ಅಂಟಿದೆ ಎಂದು ಹತ್ತಿರದ ಹೊಲದವರಿಂದ ಮೊಬೈಲಿನಲ್ಲಿ ಫೋಟೊ ತರಿಸಿಕೊಳ್ಳಿ. ಅಕ್ಟೋಬರ್‌ನ ಒಂದು ಮಳೆಯಲ್ಲಿ ರಾಡಿಯ ಗುರುತು 0.8 ಮೀಟರಿನಲ್ಲಿದೆ, ಪಂಚಾಯಿತಿಯ ಮಳೆಮಾಪಕ ಅರ್ಧ ಗಂಟೆಯಲ್ಲಿ 22.5 ಮಿಲಿಮೀಟರ್ ತೋರಿಸಿದೆ ಎಂದುಕೊಳ್ಳಿ. ಹರಿವು 1.5 × 4 × 0.716, ಅಂದರೆ 4.3 ಘನ ಮೀಟರ್. ತೀವ್ರತೆ ಗಂಟೆಗೆ 45. ಸೂತ್ರವನ್ನು ತಿರುಗಿಸಿ 4.3ನ್ನು 360ರಿಂದ ಗುಣಿಸಿ, 64 ಮತ್ತು 45ರ ಗುಣಲಬ್ಧದಿಂದ ಭಾಗಿಸಿದರೆ C 0.54. ನಾವು ಹಿಡಿದ 0.575ಕ್ಕೆ ಹತ್ತಿರವೇ ಬಂತು. ಅಷ್ಟೇ ಮಳೆ ಮೇ ತಿಂಗಳಲ್ಲಿ ಬಿದ್ದು ಗುರುತು 0.3 ಮೀಟರಿನಲ್ಲಿ ಸಿಕ್ಕರೆ ಅದೇ ಲೆಕ್ಕಕ್ಕೆ C 0.12. ಆ ಫೋಟೊ ತೋರಿಸಿ, ಮುಂದಿನ ಮೋರಿಗೆ ಒಂದೇ ವೆಂಟ್ ಸಾಕು ಎಂದು ಯಾರಾದರೂ ವಾದಿಸಿದರೆ, ಅದನ್ನು ಯಾವ ತಿಂಗಳಲ್ಲಿ ತೆಗೆದದ್ದು ಎಂದು ಕೇಳಿ.